ಪಾರ್ಲರ್ ಫುಲ್ ಆಗಿದೆ: ಇನ್ನೊಂದು ಬ್ರಾಂಚ್ ತೆಗೆಯೋದಾ, ರೇಟ್ ಏರಿಸೋದಾ?

[ದೃಶ್ಯ: ಹಾಸನದ ಸಾಲಗಾಮೆ ರಸ್ತೆ, ಸಂಜೆ. ಪಾರ್ಲರ್ ಒಳಗೆ ನಾಲ್ಕು ಕುರ್ಚಿ, ನಾಲ್ಕೂ ಭರ್ತಿ. ಬೆಂಚಿನ ಮೇಲೆ ಮೂವರು ಕಾಯುತ್ತಿದ್ದಾರೆ.]

ನಮಸ್ಕಾರ. ಹಾಸನದಲ್ಲಿ ಸಣ್ಣ ಅಂಗಡಿಗಳ ಲೆಕ್ಕ ಬರೆಯೋದು ನನ್ನ ಕೆಲಸ. ಏಪ್ರಿಲ್ ತಿಂಗಳಲ್ಲಿ ಒಬ್ಬ ಅಕ್ಕ ಬಂದರು. ಸಾಲಗಾಮೆ ರಸ್ತೆ ಹತ್ತಿರ ಲೇಡೀಸ್ ಪಾರ್ಲರ್ ನಡೆಸುತ್ತಾರೆ. ಅವರು ಮತ್ತು ಮೂವರು ಹುಡುಗಿಯರು, ನಾಲ್ಕು ಕುರ್ಚಿ.

"ನೋಡಪ್ಪಾ, ದಿನಾ ಎರಡು ಮೂರು ಜನರನ್ನ ವಾಪಸ್ ಕಳಿಸ್ತಿದ್ದೀನಿ. ಬಿ.ಎಂ. ರೋಡ್ ಕಡೆ ಒಂದು ಮಳಿಗೆ ಖಾಲಿ ಇದೆ. ಅಡ್ವಾನ್ಸ್ ಕೊಟ್ಟುಬಿಡ್ಲಾ?"

ನಾನು ಕೇಳಿದ್ದು ಒಂದೇ. "ಅಕ್ಕಾ, ವಾಪಸ್ ಹೋದವರು ಏನು ಕೇಳಿಕೊಂಡು ಬಂದಿದ್ದರು?" ಅವರಿಗೆ ನೆನಪಿರಲಿಲ್ಲ. ಯಾರಿಗೂ ನೆನಪಿರಲ್ಲ. ಬಂದವರ ಹೆಸರು ಅಪಾಯಿಂಟ್‌ಮೆಂಟ್ ಪುಸ್ತಕದಲ್ಲಿ ಇರುತ್ತದೆ, ವಾಪಸ್ ಹೋದವರದ್ದು ಎಲ್ಲೂ ಇರಲ್ಲ. ಆದರೆ ಇನ್ನೊಂದು ಬ್ರಾಂಚ್ ಬೇಕೋ ಬೇಡವೋ ಅಂತ ಹೇಳಬೇಕಾದವರು ಆ ವಾಪಸ್ ಹೋದವರೇ.

ಅದಕ್ಕೇ ಒಂದು ನೂರು ಪುಟದ ನೋಟ್‌ಬುಕ್ ಇಡೋಣ ಅಂದೆ. ನಾಲ್ಕು ವಾರ. ಯಾರನ್ನಾದರೂ ವಾಪಸ್ ಕಳಿಸಿದರೆ, ಫೋನಿನಲ್ಲಿ ಇಲ್ಲ ಅಂದರೂ ಸರಿ, ಒಂದು ಸಾಲು ಬರೆಯಬೇಕು. ಯಾವಾಗ ಬರ್ತೀನಿ ಅಂದರು, ಏನು ಕೆಲಸ, ಯಾರು ಮಾಡಬೇಕು ಅಂದರು. ಕೊನೆಗೆ, ಬೇರೆ ಹೊತ್ತಿಗೆ ಬನ್ನಿ ಅಥವಾ ಹುಡುಗಿಯರ ಹತ್ತಿರ ಮಾಡಿಸ್ಕೊಳ್ಳಿ ಅಂದಾಗ ಏನು ಹೇಳಿದರು.

[ದೃಶ್ಯ: ನೋಟ್‌ಬುಕ್ಕಿನ ಒಂದು ಪುಟ, ನೀಲಿ ಪೆನ್ನಿನ ಅಕ್ಷರ.]

ಒಂದು ಸಾಲು ಓದುತ್ತೇನೆ. "ಶನಿವಾರ 4 ಗಂಟೆ. ಹೇರ್‌ಕಟ್. ಅಕ್ಕಾನೇ ಬೇಕು. ಸೋಮವಾರ ಬೇಡ ಅಂದ್ರು." ಅದರ ಕೆಳಗೆ, "ಭಾನುವಾರ ಬೆಳಗ್ಗೆ. ಫೇಶಿಯಲ್. ಅಕ್ಕಾನೇ. ಇಲ್ಲಾಂದ್ರೆ ಮುಂದಿನ ವಾರ ಬರ್ತೀನಿ ಅಂದ್ರು."

ನಾಲ್ಕು ವಾರದಲ್ಲಿ 62 ಸಾಲು ಆಯಿತು. ಇಬ್ಬರೂ ಕೂತು ಟಿಕ್ ಹಾಕಿದೆವು. 41 ಜನಕ್ಕೆ ಅಕ್ಕನೇ ಬೇಕಿತ್ತು. 13 ಜನಕ್ಕೆ ಯಾರಾದರೂ ಸರಿ, ಆದರೆ ಶನಿವಾರ ಭಾನುವಾರವೇ ಆಗಬೇಕು. ಯಾವತ್ತಾದರೂ ಸರಿ, ಯಾರು ಮಾಡಿದರೂ ಸರಿ ಅಂದು, ಆದರೂ ಜಾಗ ಸಿಗದೆ ಹೋದವರು ಬರೀ 8 ಜನ. ಅದೂ ಮದುವೆ ಸೀಸನ್‌ನಲ್ಲಿ!

ಅಂದರೆ ಅಂಗಡಿ ಫುಲ್ ಆಗಿರಲಿಲ್ಲ. ಅಕ್ಕನ ಎರಡು ಕೈ ಫುಲ್ ಆಗಿತ್ತು. ಬಿ.ಎಂ. ರೋಡಿನಲ್ಲಿ ಇನ್ನೂ ನಾಲ್ಕು ಕುರ್ಚಿ ಹಾಕಬಹುದು. ಆ ಎರಡು ಕೈ ಅಲ್ಲಿಗೆ ಹೋದರೆ ಇಲ್ಲಿ ಇರಲ್ಲ, ಅಲ್ವಾ?

ಈಗ ದುಡ್ಡಿನ ಲೆಕ್ಕ. ಸುಲಭವಾಗಲಿ ಅಂತ ಅಂಕಿಗಳನ್ನು ದುಂಡಗೆ ಮಾಡಿದ್ದೇನೆ. ನಿಮ್ಮ ಅಂಗಡಿಯ ಅಂಕಿ ಹಾಕಿಕೊಂಡು ನೋಡಿ.

[ದೃಶ್ಯ: ಬಿಳಿ ಬೋರ್ಡ್. ಮಾತಿನ ಜೊತೆಗೇ ಅಂಕಿ ಬರೆಯುವುದು.]

ತಿಂಗಳಿಗೆ 500 ಬಿಲ್, ಒಂದಕ್ಕೆ ಸರಾಸರಿ 300 ರೂಪಾಯಿ. ಕಲೆಕ್ಷನ್ ಒಂದೂವರೆ ಲಕ್ಷ. ಇದರಲ್ಲಿ ಕ್ರೀಮ್, ಕಲರ್, ವ್ಯಾಕ್ಸ್ ಅಂತ ಬಿಲ್ಲಿಗೆ 45 ರೂಪಾಯಿ ಹೋಗುತ್ತದೆ. ಉಳಿಯೋದು 255. ಈ 255 ನೆನಪಿರಲಿ. ಬಾಡಿಗೆ, ಸಂಬಳ, ಕರೆಂಟು ಎಲ್ಲ ಇದರಿಂದಲೇ ಹೋಗಬೇಕು. ಅದೆಲ್ಲ ಕಳೆದು ಅಕ್ಕನ ಕೈಗೆ ತಿಂಗಳಿಗೆ ಸುಮಾರು 60,000 ಬರುತ್ತದೆ.

ಬ್ರಾಂಚ್ ತೆಗೆದರೆ? ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್, ಒಂದೂವರೆ ಲಕ್ಷ. ಕುರ್ಚಿ, ಕನ್ನಡಿ, ತಲೆ ತೊಳೆಯೋ ಬೇಸಿನ್, ನಲ್ಲಿ ಕೆಲಸ, ಎಸಿ, ಯುಪಿಎಸ್ ಎಲ್ಲ ಸೇರಿ ನಾಲ್ಕೂವರೆ ಲಕ್ಷ. ಅಡ್ವಾನ್ಸನ್ನು ಉಳಿತಾಯದಿಂದ ಕೊಟ್ಟು, ಉಳಿದದ್ದಕ್ಕೆ ಮೂರು ವರ್ಷದ ಸಾಲ ಮಾಡಿದರೆ ಕಂತು ತಿಂಗಳಿಗೆ ಹೆಚ್ಚುಕಮ್ಮಿ 15,000. ಬಾಡಿಗೆ 15,000. ಅಂಗಡಿ ನೋಡಿಕೊಳ್ಳೋ ಸೀನಿಯರ್‌ಗೆ 25,000. ಇನ್ನಿಬ್ಬರಿಗೆ 30,000. ಕರೆಂಟು, ನೀರು, ಲಾಂಡ್ರಿ 8,000. ಒಟ್ಟು 93,000.

93,000ವನ್ನು 255ರಿಂದ ಭಾಗಿಸಿ. 365 ಬಿಲ್ ಬರುತ್ತದೆ. ತಿಂಗಳಿಗೆ 26 ದಿನ ಬಾಗಿಲು ತೆಗೆದರೆ ದಿನಕ್ಕೆ 14. ಇಷ್ಟಾದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ನೋಟ್‌ಬುಕ್‌ನಲ್ಲಿ ಸಿಕ್ಕಿದ್ದು ಇಡೀ ತಿಂಗಳಿಗೆ 8.

ಬಿ.ಎಂ. ರೋಡಿನ ಕಡೆ ಬೇರೆ ಗಿರಾಕಿಗಳು ಇರ್ತಾರಲ್ಲ ಅಂತ ನೀವು ಕೇಳಬಹುದು. ಖಂಡಿತ ಇರ್ತಾರೆ. ಆದರೆ ಅವರು ನಿಮ್ಮ ಬೆಂಚಿನ ಮೇಲೆ ಕಾಯುತ್ತಿಲ್ಲ. ಅವರಿಗೆ ನಿಮ್ಮ ಹೆಸರೇ ಗೊತ್ತಿಲ್ಲ. ಅದು ಹೊಸ ಅಂಗಡಿಯೇ, ಹೊಸದಾಗಿಯೇ ಕಟ್ಟಬೇಕು. ಮೊದಮೊದಲು ದಿನಕ್ಕೆ 5 ಬಿಲ್ ಆಯಿತು ಅಂದುಕೊಳ್ಳಿ. ತಿಂಗಳಿಗೆ 130 ಬಿಲ್, ಕೈಗೆ ಬರೋದು 33,000. ಕೈಯಿಂದ ಹಾಕಬೇಕಾದದ್ದು 60,000. ಹಳೇ ಅಂಗಡಿಯಲ್ಲಿ ಅಕ್ಕ ದುಡಿದದ್ದು ಅಷ್ಟೂ ಹೊಸ ಅಂಗಡಿಗೆ ಹೋಯಿತು. ಮನೆಗೆ ಏನೂ ಇಲ್ಲ. ಇದನ್ನು ಆರು ತಿಂಗಳು ತಡೆಯೋ ಶಕ್ತಿ ಇದೆಯಾ ಅಂತ ಅಡ್ವಾನ್ಸ್ ಕೊಡೋ ಮೊದಲು ಕೇಳಿಕೊಳ್ಳಬೇಕು.

ಇನ್ನು ರೇಟ್ ಏರಿಸೋದು. ಎಲ್ಲದಕ್ಕೂ ಶೇ 15 ಏರಿಸಿದರೆ ಸರಾಸರಿ ಬಿಲ್ 300 ಇದ್ದದ್ದು 345 ಆಗುತ್ತದೆ. ಸಾಮಾನಿನ ಖರ್ಚು ಅದೇ 45. ಉಳಿಯೋದು 300. ಮೊದಲು 500 ಬಿಲ್‌ನಿಂದ ಬರುತ್ತಿದ್ದ ದುಡ್ಡು ಈಗ 425 ಬಿಲ್‌ಗೇ ಬರುತ್ತದೆ. ಅಂದರೆ 75 ಜನ ಬಿಟ್ಟುಹೋದರೂ ನಷ್ಟ ಇಲ್ಲ. 40 ಜನ ಹೋದರೆ ತಿಂಗಳಿಗೆ 10,500 ಜಾಸ್ತಿ ಉಳಿಯುತ್ತದೆ, ಮೈಗೂ ಸ್ವಲ್ಪ ಬಿಡುವು. ಅಕ್ಕ ಇದನ್ನು ನಂಬಲೇ ಇಲ್ಲ. "ಒಬ್ಬರು ಹೋದ್ರೂ ಹೊಟ್ಟೆ ಉರಿಯುತ್ತೆ ಕಣಪ್ಪಾ" ಅಂದರು. ಆ ಸಂಕಟ ನನಗೆ ಅರ್ಥವಾಗುತ್ತದೆ. ಹನ್ನೆರಡು ವರ್ಷ ಒಬ್ಬೊಬ್ಬರನ್ನೇ ಕೂಡಿಸಿಕೊಂಡವರು ಅವರು.

ಇಲ್ಲಿ ಒಂದು ಗುಂಡಿ ಇದೆ, ನೋಡಿ ಕಾಲಿಡಬೇಕು. ತಿಂಗಳಿಗೆ ಒಂದೂವರೆ ಲಕ್ಷ ಅಂದರೆ ವರ್ಷಕ್ಕೆ 18 ಲಕ್ಷ. ಸೇವೆ ಕೊಡುವವರ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಲೇಬೇಕು. ಶೇ 15 ಏರಿಸಿಯೂ ಯಾರೂ ಬಿಟ್ಟುಹೋಗದಿದ್ದರೆ 20 ಲಕ್ಷದ 70 ಸಾವಿರ ಆಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸಲೂನ್ ಕೆಲಸಕ್ಕೆ ಶೇ 18 ಹೋಗಿ ಶೇ 5 ಆಗಿದೆ, ಅದು ಸಮಾಧಾನ. ಆದರೆ ಸಾಮಾನು ಕೊಳ್ಳುವಾಗ ಕಟ್ಟಿದ ಟ್ಯಾಕ್ಸನ್ನು ಈ ಶೇ 5ರಿಂದ ಕಳೆಯೋ ಹಾಗಿಲ್ಲ. 345ರ ಒಳಗೇ ಟ್ಯಾಕ್ಸ್ ಸೇರಿಸಿದರೆ ತಿಂಗಳಿಗೆ ಸುಮಾರು 8,200 ಅದಕ್ಕೇ ಹೋಗುತ್ತದೆ. ಹಾಗಾಗಿ ಹೊಸ ರೇಟ್ ಬರೆಯುವಾಗಲೇ ಇದನ್ನು ಲೆಕ್ಕಕ್ಕೆ ಹಿಡಿಯಿರಿ. ಬ್ರಾಂಚ್ ಬೇರೆ ಮಾಡಿದರೆ ಲೆಕ್ಕವೂ ಬೇರೆ ಅಂತ ತುಂಬಾ ಜನ ತಿಳಿದಿದ್ದಾರೆ. ಪ್ಯಾನ್ ಒಂದೇ ಇದ್ದರೆ ಎರಡೂ ಅಂಗಡಿಯ ವಹಿವಾಟು ಒಟ್ಟಿಗೇ ಸೇರುತ್ತದೆ.

[ದೃಶ್ಯ: ಪಾರ್ಲರ್ ಗೋಡೆಯ ಮೇಲಿನ ರೇಟ್ ಬೋರ್ಡ್.]

ಹಾಗಂತ ಎಲ್ಲದಕ್ಕೂ ಏರಿಸಬೇಡಿ. ಐಬ್ರೋ ರೇಟ್ ಎಲ್ಲರಿಗೂ ಬಾಯಿಪಾಠ. ಕಾಲೇಜು ಹುಡುಗಿಯರು ಅಂಗಡಿ ಅಂಗಡಿಗೆ ಹೋಲಿಸೋದು ಅದನ್ನೇ. ಅದನ್ನು ಮುಟ್ಟಬೇಡಿ. ಕಾಯುವವರು ಎಲ್ಲಿದ್ದಾರೋ ಅಲ್ಲಿ ಏರಿಸಿ. ನಮ್ಮ ಅಕ್ಕನ ಅಂಗಡಿಯಲ್ಲಿ ಅದು ಅವರ ಕೈಕೆಲಸ. ಹೇರ್‌ಕಟ್ 300 ಇತ್ತು. ಈಗ ಅಕ್ಕ ಮಾಡಿದರೆ 400, ಹುಡುಗಿಯರು ಮಾಡಿದರೆ ಅದೇ 300. ಫೇಶಿಯಲ್‌ಗೂ ಹೀಗೇ ಎರಡು ರೇಟ್.

ಇದರಲ್ಲಿ ನನಗೆ ತುಂಬಾ ಇಷ್ಟವಾಗೋ ವಿಷಯ ಒಂದಿದೆ. 100 ರೂಪಾಯಿ ಜಾಸ್ತಿ ಯಾಕೆ ಅನ್ನುವವರು ಅಂಗಡಿ ಬಿಟ್ಟು ಹೋಗಬೇಕಿಲ್ಲ. ಪಕ್ಕದ ಕುರ್ಚಿಗೆ ಹೋದರೆ ಸಾಕು. ಒಂದು ಸಲ ಹುಡುಗಿಯ ಹತ್ತಿರ ಕಟ್ ಮಾಡಿಸಿಕೊಂಡು, ಚೆನ್ನಾಗಿದೆ ಅನ್ನಿಸಿ, ಮುಂದಿನ ಸಲ ಅವಳನ್ನೇ ಕೇಳಿದರೆ, ಅಕ್ಕ ಇಲ್ಲದೆಯೂ ಅಂಗಡಿ ನಡೆಯೋಕೆ ಶುರುವಾಯಿತು ಅಂತ ಅರ್ಥ. ಬ್ರಾಂಚ್‌ಗೆ ಮೊದಲು ಬೇಕಾದದ್ದು ಅದೇ. ಆರು ಲಕ್ಷ ಹಾಕಿ ನೋಡಬೇಕಾದ ಪರೀಕ್ಷೆಯನ್ನು ಒಂದು ರೇಟ್ ಬೋರ್ಡಿನಲ್ಲೇ ಮಾಡಿಬಿಡಬಹುದು.

ಹೇಳುವ ರೀತಿ ಮುಖ್ಯ. ಮೂರು ವಾರ ಮೊದಲೇ ಕ್ಯಾಶ್ ಟೇಬಲ್ ಹತ್ತಿರ ತಾರೀಖು ಹಾಕಿ ಬೋರ್ಡ್ ಇಡಿ. ಮದುಮಗಳ ಮೇಕಪ್ಪಿಗೆ ಅಡ್ವಾನ್ಸ್ ತಗೊಂಡಿದ್ದರೆ ಹಳೇ ರೇಟಿಗೇ ಮಾಡಿಕೊಡಿ, ಒಂದು ರೂಪಾಯಿ ಜಾಸ್ತಿ ಕೇಳಬೇಡಿ. ದೀಪಾವಳಿ, ಹಾಸನಾಂಬ ದರ್ಶನದ ದಿನಗಳಲ್ಲಿ ಬದಲಾಯಿಸಬೇಡಿ. ಹಬ್ಬಕ್ಕೆ ಸುಲಿಗೆ ಮಾಡಿದರು ಅನ್ನೋ ಮಾತು ಬೇಗ ಹರಡುತ್ತದೆ.

ಆಮೇಲೆ ಕನಿಷ್ಠ ಹತ್ತು ವಾರ ಕಾಯಿರಿ. ಯಾಕೆ ಅಂದರೆ ಹೇರ್‌ಕಟ್‌ಗೆ ಜನ ತಿರುಗಿ ಬರೋದು ಆರರಿಂದ ಎಂಟು ವಾರಕ್ಕೆ. ಮೊದಲ ತಿಂಗಳು ಎಲ್ಲರೂ ಬರ್ತಾರೆ, ಹೊಸ ರೇಟ್ ಕೊಟ್ಟು ಸುಮ್ನೆ ಹೋಗ್ತಾರೆ. ಏನೂ ಆಗಲಿಲ್ಲ ಅಂತ ನಾವು ಖುಷಿಪಡ್ತೀವಿ. ಎರಡನೇ ಸಲ ಬಂದರಾ ಅನ್ನೋದು ನಿಜವಾದ ಉತ್ತರ. ಅದಕ್ಕೇ ಎಷ್ಟು ಜನ ಅಂತ ಎಣಿಸಬೇಡಿ, ಹೆಸರು ನೋಡಿ. ಹಳೇ ಪುಸ್ತಕ ತೆಗೆದು, ತಪ್ಪದೆ ಬರುತ್ತಿದ್ದ ಐವತ್ತು ಜನರ ಹೆಸರು ಬರೆದು, ಎಷ್ಟು ಜನ ತಿರುಗಿ ಬಂದರು ಅಂತ ಟಿಕ್ ಹಾಕಿ.

ಬ್ರಾಂಚ್ ತೆಗೆಯೋದೇ ಸರಿ ಅನ್ನೋ ಅಂಗಡಿಗಳೂ ಇವೆ. ಒಂದು ಗುರುತು ಆಷಾಢ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊರಗೆ ಮಳೆ. ಆಗಲೂ ಮಂಗಳವಾರ, ಬುಧವಾರ ಹುಡುಗಿಯರ ಪುಸ್ತಕ ತುಂಬಿದ್ದರೆ ನಿಮ್ಮ ಅಂಗಡಿ ನಿಜವಾಗಿ ಫುಲ್. ಇನ್ನೊಂದು ಗುರುತು, ನೀವು ಹತ್ತು ದಿನ ಊರಲ್ಲಿ ಇಲ್ಲದಾಗ ಹುಡುಗಿಯರ ಕುರ್ಚಿಯ ಕಲೆಕ್ಷನ್ ಬೀಳದೇ ಇರೋದು. ಮೂರನೆಯದು ಸ್ವಲ್ಪ ನೋವಿನ ವಿಷಯ. ನಿಮ್ಮ ಹತ್ತಿರ ಕೆಲಸ ಕಲಿತ ಸೀನಿಯರ್ ಹುಡುಗಿ ಇವತ್ತಲ್ಲ ನಾಳೆ ಸ್ವಂತ ಅಂಗಡಿ ಇಡ್ತಾಳೆ. ಅವಳನ್ನು ಕೇಳುವ ಗಿರಾಕಿಗಳೂ ಅವಳ ಹಿಂದೆ ಹೋಗ್ತಾರೆ. ಅಂಥವಳು ಇದ್ದರೆ, ಸಂಬಳದ ಜೊತೆ ಲಾಭದಲ್ಲಿ ಪಾಲು ಅಂತ ಬರೆದುಕೊಟ್ಟು, ಅವಳಿಗಾಗಿಯೇ ಬ್ರಾಂಚ್ ತೆಗೆಯೋದರಲ್ಲಿ ಅರ್ಥ ಇದೆ. ಆಗ ದಿನಕ್ಕೆ 14 ಬಿಲ್ ಸೊನ್ನೆಯಿಂದ ಶುರುವಾಗಲ್ಲ.

ರೇಟ್ ಏರಿಸೋದಕ್ಕೂ ಮಿತಿ ಇದೆ, ಮರೆಯಬಾರದು. ಪ್ರತಿ ವರ್ಷ 100 ರೂಪಾಯಿ ಏರಿಸೋಕಾಗಲ್ಲ. ಎಷ್ಟೇ ಏರಿಸಿದರೂ ದುಡಿಯೋದು ಅದೇ ಎರಡು ಕೈ. ಅಕ್ಕನಿಗೆ ಸೊಂಟ ನೋವು ಬಂದು ಒಂದು ವಾರ ಮಲಗಿದರೆ 400ರ ಕುರ್ಚಿ ಖಾಲಿಯೇ.

[ದೃಶ್ಯ: ನೋಟ್‌ಬುಕ್‌ನ ಹೊಸ ಪುಟ.]

ಅಕ್ಕ ಬಿ.ಎಂ. ರೋಡಿನ ಮಳಿಗೆಯವರಿಗೆ, ಬೇರೆಯವರಿಗೆ ಕೊಟ್ಟುಬಿಡಿ ಅಂತ ಹೇಳಿದರು. ಜೂನ್ 1ರಿಂದ ಎರಡು ರೇಟಿನ ಬೋರ್ಡ್ ಹಾಕಿದರು. ಆಷಾಢ ಮುಗಿಯುವ ಹೊತ್ತಿಗೆ ಹತ್ತು ವಾರ ಆಗಿರುತ್ತದೆ, ಆಗ ಮತ್ತೆ ಇಬ್ಬರೂ ಪುಸ್ತಕ ಹಿಡಿದು ಕೂರುತ್ತೇವೆ. ನೋಟ್‌ಬುಕ್‌ನಲ್ಲಿ ಈಗ ಅಕ್ಕ ತಾವೇ ಗೆರೆ ಎಳೆದು ಒಂದು ಕಾಲಂ ಸೇರಿಸಿದ್ದಾರೆ. ಹುಡುಗಿಯರ ಹೆಸರು ಹಿಡಿದು ಕೇಳಿಕೊಂಡು ಬಂದವರು ಎಷ್ಟು ಜನ ಅಂತ. ಮೊದಲ ವಾರ ಅದರಲ್ಲಿ ಮೂರು ಟಿಕ್ ಬಿದ್ದಿವೆ.