ಹತ್ತು ಜನಕ್ಕೆ ಕಳಿಸದಿದ್ದರೆ ಏನಾಗುತ್ತೆ?

ಕೇಳುಗರಿಗೆ ನಮಸ್ಕಾರ.

"ಇದನ್ನು ಹತ್ತು ಜನಕ್ಕೆ ಕಳಿಸಿ, ನಾಳೆ ಸಂಜೆಯೊಳಗೆ ಶುಭ ಸುದ್ದಿ. ಕಳಿಸದಿದ್ದರೆ ಏಳು ವರ್ಷ ಕಷ್ಟ." ಇಂಥದ್ದೊಂದು ನಿಮ್ಮ ಫೋನಿಗೂ ಬಂದಿರುತ್ತದೆ, ಅಲ್ವಾ? ಇವತ್ತು ನಾನು ಹೇಳುವುದು ಒಂದೇ ಮಾತು. ಓದಿದ ಕೂಡಲೇ ಕಾರಣ ಕೇಳಿ. ಕಳಿಸದೆ ಇದ್ದದ್ದಕ್ಕೂ ಕಷ್ಟಕ್ಕೂ ಏನು ಸಂಬಂಧ?

ಜಾನಪದ ಪಾಠ ಮಾಡುವ ನನಗೆ ಇವನ್ನು ಕೂಡಿಡುವ ಅಭ್ಯಾಸ. ಇವು ಮೊಬೈಲಿಗಿಂತ ಬಹಳ ಹಳೆಯವು. ಮೊದಲು ಪೋಸ್ಟ್ ಕಾರ್ಡಿನಲ್ಲಿ, ಕರಪತ್ರದಲ್ಲಿ ಬರುತ್ತಿದ್ದವು. ದೇವಸ್ಥಾನದಲ್ಲಿ ಹಾವೊಂದು ಕಾಣಿಸಿತು, ಅರ್ಚಕರ ಎದುರೇ ಮನುಷ್ಯರೂಪ ತಾಳಿ ಮಾತಾಡಿತು. ಮುಂಬೈಯ ಒಬ್ಬರು ಕರಪತ್ರ ಅಚ್ಚು ಹಾಕಿಸಿ ಹಂಚಿದರು, ಲಾಟರಿ ಹೊಡೆಯಿತು. ಇನ್ನೊಬ್ಬರು ಹರಿದು ಹಾಕಿದರು, ಮಗ ತೀರಿಕೊಂಡ. ಒಬ್ಬರಿಗೆ ಲಾಭ, ಒಬ್ಬರಿಗೆ ಕೇಡು, ಒಂದು ಗಡುವು, ಒಂದು ಸಂಖ್ಯೆ. ಇಷ್ಟೇ ಅದರ ಎಲುಬು. ಊರಿನ ಹೆಸರು ಇರುತ್ತದೆ, ವಿಳಾಸ ಇರುವುದಿಲ್ಲ. ಕಾರಣವಂತೂ ಇರುವುದೇ ಇಲ್ಲ.

ಇಂಗ್ಲಿಷಿನಲ್ಲೂ ಹೀಗೇ. ಮೂವರು ವಿಜ್ಞಾನಿಗಳು 1980ರಿಂದ 1995ರವರೆಗೆ ಓಡಾಡಿದ ಇಂಥ ಒಂದೇ ಪತ್ರದ 33 ಬೇರೆ ಬೇರೆ ರೂಪಗಳನ್ನು ಇಟ್ಟುಕೊಂಡು ಹೋಲಿಸಿದರು. ನಕಲು ಮಾಡುತ್ತಾ ಮಾಡುತ್ತಾ ಕಥೆಯೊಳಗಿನ ಜನರ ಹೆಸರು, ಹಣದ ಮೊತ್ತ ಎಲ್ಲ ಬದಲಾಗಿದ್ದವು. ಬೆದರಿಕೆ ಮಾತ್ರ ಉಳಿದುಕೊಂಡಿತ್ತು.

ಈಗ ನಮ್ಮ ಮನೆಯ ಗ್ರೂಪಿನಲ್ಲಿ ನಡೆದದ್ದು ಹೇಳುತ್ತೇನೆ. ನಮ್ಮ ಚಿಕ್ಕಮ್ಮ ಒಂದು ರಾತ್ರಿ ಇಂಥ ಮೆಸೇಜ್ ಹಾಕಿದರು. ಮೊಮ್ಮಗನ ಪರೀಕ್ಷೆ ಹತ್ತಿರವಿತ್ತು, ಪಾಪ, ಅವರಿಗೆ ಭಯ. ಗ್ರೂಪಿನಲ್ಲಿ ಒಬ್ಬರು "ಇದೆಲ್ಲ ಮೂಢನಂಬಿಕೆ" ಅಂತ ದೊಡ್ಡದಾಗಿ ಬರೆದರು. ಚಿಕ್ಕಮ್ಮ ಮೌನ. ಅವರು ಒಪ್ಪಲಿಲ್ಲ, ನೊಂದುಕೊಂಡರು ಅಷ್ಟೇ. ಆಗ ನನ್ನ ಅಕ್ಕನ ಮಗ ಒಂದು ಮೆಸೇಜ್ ಬರೆದ. ಇಲ್ಲಿ ಓದುತ್ತೇನೆ, ಕೇಳಿ.

"ನಿರ್ಲಕ್ಷ್ಯ ಮಾಡಬೇಡಿ! ಹಾಸನದ ಒಬ್ಬರು ಇದನ್ನು ಡಿಲೀಟ್ ಮಾಡಿದರು. ಮರುದಿನವೇ ಅವರ ಇಡ್ಲಿ ಕಲ್ಲಾಯಿತು. ದಾವಣಗೆರೆಯ ಒಬ್ಬರು ಒಂಬತ್ತು ಜನಕ್ಕೆ ಮಾತ್ರ ಕಳಿಸಿದರು. ದೋಸೆ ಕಾವಲಿ ಬಿಟ್ಟು ಏಳಲೇ ಇಲ್ಲ. ಮೈಸೂರಿನ ಒಬ್ಬರು ಹತ್ತೂ ಜನಕ್ಕೆ ಕಳಿಸಿದರು. ಹತ್ತೂ ಜನ ಅವರನ್ನು ಬ್ಲಾಕ್ ಮಾಡಿದರು. ಈಗ ಅವರಿಗೆ ಒಳ್ಳೆಯ ನಿದ್ದೆ."

ನೋಡಿ, ಎಲುಬು ಅದೇ. ಊರು ಇದೆ, ಗಡುವು ಇದೆ, ಲಾಭ ಇದೆ, ಕೇಡು ಇದೆ. ಅವನು ಬದಲಾಯಿಸಿದ್ದು ಕೇಡನ್ನು ಮಾತ್ರ. ಸಾವನ್ನು ತೆಗೆದು ಇಡ್ಲಿ ಇಟ್ಟ. ಹತ್ತು ನಿಮಿಷಕ್ಕೆ ಚಿಕ್ಕಮ್ಮನ ಉತ್ತರ ಬಂತು: "ಇಡ್ಲಿ ಗಟ್ಟಿಯಾಗೋದು ಉದ್ದು ಕಡಿಮೆ ಹಾಕಿದ್ರೆ ಕಣೋ. ಚಳಿಗೆ ಹಿಟ್ಟು ಉಬ್ಬದಿದ್ರೂ ಆಗತ್ತೆ. ಮೆಸೇಜಿಗೂ ಅದಕ್ಕೂ ಏನೋ ಸಂಬಂಧ?"

ಎಂಥಾ ಪ್ರಶ್ನೆ! ಇದನ್ನೇ ನಾನು ಮೊದಲಿನಿಂದ ಹೇಳುತ್ತಿರುವುದು. ಸಾವಿನ ಮಾತು ಬಂದಾಗ ಹೆದರಿಕೆಯಲ್ಲಿ ಯಾರೂ ಕಾರಣ ಕೇಳುವುದಿಲ್ಲ. ಇಡ್ಲಿ ಅಂದ ಕೂಡಲೇ ಕಾರಣ ತಾನಾಗಿ ಬಾಯಿಗೆ ಬರುತ್ತದೆ, ಯಾಕೆಂದರೆ ಅದು ಚಿಕ್ಕಮ್ಮನಿಗೆ ಚೆನ್ನಾಗಿ ಗೊತ್ತಿರುವ ವಿಷಯ. ಒಳ್ಳೆಯ ಅಣಕ ಮಾಡುವ ಕೆಲಸ ಇದೇ. ಕೇಳುವವರಿಗೆ ಕಾರಣ ಗೊತ್ತಿರುವ ಜಾಗಕ್ಕೆ ಕೇಡನ್ನು ತಂದು ಇಡುತ್ತದೆ. ಬಸ್ ಕಂಡಕ್ಟರಿಗೆ ಬರೆಯುವುದಾದರೆ ಚಿಲ್ಲರೆಯ ಕೇಡು ಹಾಕಿ. ರೈತರಿಗಾದರೆ ಪಂಪ್‌ಸೆಟ್ಟಿನದು. ಆದರೆ ಚಿಕ್ಕಮ್ಮನನ್ನೇ ಗೇಲಿ ಮಾಡಿದ್ದರೆ ಈ ಪ್ರಶ್ನೆ ಬರುತ್ತಿರಲಿಲ್ಲ. ಅಣಕಿಸಬೇಕಾದ್ದು ಮೆಸೇಜನ್ನು, ಕಳಿಸಿದವರನ್ನಲ್ಲ. ಮನೆಯಲ್ಲಿ ಯಾರಾದರೂ ಆಸ್ಪತ್ರೆಯಲ್ಲಿದ್ದರೆ ಅಣಕವೂ ಬೇಡ. ಫೋನ್ ಮಾಡಿ ಮಾತಾಡಿ.

ಸಮಯ ಕಡಿಮೆ ಉಳಿದಿದೆ. "ಸುಮ್ನೆ ಕಳಿಸಿಬಿಟ್ಟರೆ ಏನು ನಷ್ಟ?" ಅಂತ ಕೇಳುವವರಿಗೆ ಒಂದು ಲೆಕ್ಕ. ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಒಬ್ಬರು ಹತ್ತು ಜನಕ್ಕೆ, ಆ ಹತ್ತು ಜನ ತಲಾ ಹತ್ತು ಹೊಸಬರಿಗೆ ಕಳಿಸಿದರೆ ನೂರು. ಹೀಗೇ ಹೋದರೆ ಎಂಟನೇ ಸುತ್ತಿಗೆ 10 ಕೋಟಿ ಜನ ಬೇಕು. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದಲ್ಲಿ ಇದ್ದದ್ದು ಸುಮಾರು 6 ಕೋಟಿ 11 ಲಕ್ಷ. ಕೊನೆಗೆ ಸಿಕ್ಕಿದವರಿಗೆ ಕಳಿಸಲು ಜನವೇ ಇರುವುದಿಲ್ಲ. ಅವರಿಗೆಲ್ಲ ಏಳು ವರ್ಷ ಕಷ್ಟವೇ? ಯಾವ ಕಾರಣಕ್ಕೆ?

ಕೊನೆಯದಾಗಿ ಒಂದು ಗುರುತು. ವಾಟ್ಸ್ಆ್ಯಪ್‌ನಲ್ಲಿ ಮೆಸೇಜಿನ ಮೇಲೆ ಎರಡು ಬಾಣ ಕಂಡರೆ ಅದು ಬಹಳ ಕೈ ದಾಟಿ ಬಂದದ್ದು ಅಂತ ಅರ್ಥ. 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಂದು ಸಲಕ್ಕೆ ಒಂದೇ ಚಾಟಿಗೆ ಫಾರ್ವರ್ಡ್ ಮಾಡಬಹುದು. ಹತ್ತು ಜನಕ್ಕೆ ಬೇಕೆಂದರೆ ಹತ್ತು ಸಲ ಒತ್ತಬೇಕು. ನೀವು ಅಣಕ ಬರೆದರೂ ಅಷ್ಟೇ, ಕೊನೆಯಲ್ಲಿ "ಹತ್ತು ಜನಕ್ಕೆ ಕಳಿಸಿ" ಅನ್ನುವ ಸಾಲು ಮಾತ್ರ ಹಾಕಬೇಡಿ. ಅದನ್ನು ನಿಜ ಅಂತ ನಂಬಿ ಕಳಿಸುವವರೂ ಇರುತ್ತಾರೆ.

ನಮಸ್ಕಾರ.