ಸ್ವಂತ ಮಳಿಗೆಗೂ ಬಾಡಿಗೆ ಉಂಟು

ಮಂಡ್ಯದ ವರ್ತಕ ಬಂಧುಗಳೇ,

ಮಾರ್ಚ್ ಮುಗಿದು ಲೆಕ್ಕ ಕಟ್ಟುವ ಈ ದಿನಗಳಲ್ಲಿ ನಿಮ್ಮಲ್ಲಿ ಹಲವರು ಈ ವರ್ಷ ಎಷ್ಟು ಉಳಿಯಿತೆಂದು ಹೇಳಿಕೊಳ್ಳುವುದನ್ನು ಕೇಳುತ್ತಿದ್ದೇನೆ. ಮಾರಾಟದಿಂದ ಬಂದ ಹಣದಲ್ಲಿ ಕೈಯಿಂದ ಕೊಟ್ಟ ಖರ್ಚನ್ನು ಕಳೆದರೆ ಉಳಿಯುವುದು ಲೆಕ್ಕಪತ್ರದ ಲಾಭ. ಯಾರಿಗೂ ಕೊಡದಿದ್ದರೂ ನೀವು ಬಿಟ್ಟುಕೊಟ್ಟಿರುವ ಆದಾಯವನ್ನು ಅದರಿಂದ ಮತ್ತೆ ಕಳೆದಾಗ ಸಿಗುವುದು ಆರ್ಥಿಕ ಲಾಭ. ಪುಸ್ತಕದಲ್ಲಿ ಬರೆಯದ ಖರ್ಚೂ ಖರ್ಚೇ ಎಂಬುದು ನನ್ನ ವಾದ. ಇದನ್ನು ನಾನು ಇಂದು ಮತ್ತೆ ಮತ್ತೆ ಹೇಳಲಿದ್ದೇನೆ, ಸಹಿಸಿಕೊಳ್ಳಬೇಕು.

ಪೇಟೆ ಬೀದಿಯ ಆಸುಪಾಸಿನಲ್ಲಿ ಸ್ವಂತ ಮಳಿಗೆಯಲ್ಲಿ ದಿನಸಿ ಅಂಗಡಿ ಇಟ್ಟಿರುವ ಪರಿಚಿತರೊಬ್ಬರ ಲೆಕ್ಕವನ್ನು ನೋಡೋಣ. ತಿಂಗಳ ವ್ಯಾಪಾರ 5 ಲಕ್ಷ ರೂಪಾಯಿ, ಸರಕಿನ ಖರೀದಿ 4 ಲಕ್ಷ 40 ಸಾವಿರ, ಹುಡುಗನ ಸಂಬಳ, ಕರೆಂಟು, ಸಾಗಣೆ ಎಲ್ಲ ಸೇರಿ 20 ಸಾವಿರ. ಉಳಿದದ್ದು 40 ಸಾವಿರ. 'ಬಾಡಿಗೆ ಇಲ್ಲ, ಸಾಲ ಇಲ್ಲ, ನಲವತ್ತು ಸಾವಿರ ಚೊಕ್ಕ ಲಾಭ ಮೇಷ್ಟ್ರೇ' ಎಂದು ಅವರು ಹೆಮ್ಮೆಯಿಂದಲೇ ಹೇಳಿದರು.

ಅಕ್ಕಪಕ್ಕದಲ್ಲಿ ಅಷ್ಟೇ ಅಗಲದ ಮಳಿಗೆಗೆ ಏನು ಬಾಡಿಗೆ ಎಂದು ಕೇಳಿದೆ. 15 ಸಾವಿರ ಎಂದರು. ಬೆಳಗ್ಗೆ ಏಳರಿಂದ ರಾತ್ರಿ ಒಂಬತ್ತರವರೆಗೆ ಗಲ್ಲಾದ ಮುಂದೆ ಕೂರುವ ಇವರನ್ನು ಸಗಟು ವ್ಯಾಪಾರಿಯೊಬ್ಬರು 18 ಸಾವಿರ ಸಂಬಳಕ್ಕೆ ಗೋದಾಮು ನೋಡಿಕೊಳ್ಳಲು ಕರೆದದ್ದೂ ಉಂಟಂತೆ. ಮಧ್ಯಾಹ್ನ ಅಂಗಡಿ ನೋಡಿಕೊಳ್ಳುವ ಅವರ ಮನೆಯವರು ಅದಕ್ಕೆ ಮೊದಲು ಅದೇ ಹೊತ್ತಿನಲ್ಲಿ ರವಿಕೆ ಹೊಲಿದು ತಿಂಗಳಿಗೆ 6 ಸಾವಿರದಷ್ಟು ಸಂಪಾದಿಸುತ್ತಿದ್ದರು. ಸರಕಿನಲ್ಲಿ 4 ಲಕ್ಷ, ಉದ್ರಿಯಲ್ಲಿ 2 ಲಕ್ಷ ಹಣ ಸಿಕ್ಕಿಕೊಂಡಿದೆ. ಕಬ್ಬಿನ ಬಿಲ್ಲು ಬಂದ ಮೇಲೆ ಕೊಡುತ್ತೇವೆ ಎನ್ನುವ ಗಿರಾಕಿಗಳ ವಿಷಯವನ್ನು ಈ ಊರಿನಲ್ಲಿ ನಾನು ವಿವರಿಸಬೇಕಾಗಿಲ್ಲ. ಆ 6 ಲಕ್ಷವನ್ನು ಶೇಕಡ 7ರ ಬಡ್ಡಿಗೆ ಠೇವಣಿ ಇಟ್ಟಿದ್ದರೆ ತಿಂಗಳಿಗೆ 3,500 ಬರುತ್ತಿತ್ತು. ಎಲ್ಲ ಕೂಡಿದರೆ 42,500. ಅಂದರೆ ಚೊಕ್ಕ ಲಾಭವೆಂದುಕೊಂಡದ್ದು 2,500 ರೂಪಾಯಿಯ ಆರ್ಥಿಕ ನಷ್ಟವಾಯಿತು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಗ ಅವರ ಮನೆಯವರು ಒಳಗಿನಿಂದಲೇ, 'ಮನೆಗೆ ತರುವ ಅಕ್ಕಿ, ಬೇಳೆ, ಎಣ್ಣೆಗೆ ದುಡ್ಡು ಹಾಕಿದಿರಾ?' ಎಂದು ಕೇಳಿದರು. ಸಭೆಯಲ್ಲಿ ನಗುತ್ತಿರುವವರ ಮನೆಯಲ್ಲೂ ಇದೇ ನಡೆಯುತ್ತಿರಬಹುದು. ತಿಂಗಳಿಗೆ 4 ಸಾವಿರದ ಸರಕು ಖರೀದಿಯಲ್ಲಿ ಸೇರುತ್ತದೆ, ಮಾರಾಟದಲ್ಲಿ ಕಾಣುವುದಿಲ್ಲ. ಅದನ್ನು ಸೇರಿಸಿದರೆ ಲೆಕ್ಕಪತ್ರದ ಲಾಭವೇ 44 ಸಾವಿರ, ಆರ್ಥಿಕ ಲಾಭ 1,500. ಬರೆಯದ ಖರ್ಚಿನಂತೆ ಬರೆಯದ ಆದಾಯವೂ ಇರುತ್ತದೆ ಎಂಬುದನ್ನು ನನಗಿಂತ ಮೊದಲು ಆ ತಾಯಿ ಕಂಡುಕೊಂಡಿದ್ದರು. ಆರ್ಥಿಕ ಲಾಭ ಸೊನ್ನೆಯ ಹತ್ತಿರವಿದ್ದರೆ ಗಾಬರಿಯಾಗಬೇಕಿಲ್ಲ: ತಮ್ಮ ಶ್ರಮಕ್ಕೂ ಹಣಕ್ಕೂ ಮಳಿಗೆಗೂ ಬೇರೆಡೆ ಸಿಗುವಷ್ಟು ಪ್ರತಿಫಲ ಇಲ್ಲಿಯೂ ಸಿಗುತ್ತಿದೆ ಎಂದಷ್ಟೇ ಅದರ ಅರ್ಥ. ಅರ್ಥಶಾಸ್ತ್ರದಲ್ಲಿ ಇದಕ್ಕೆ ಸಾಮಾನ್ಯ ಲಾಭ ಎನ್ನುತ್ತಾರೆ.

ಈ ಲೆಕ್ಕದಲ್ಲಿ ಎರಡು ಕಡೆ ಎಡವುವುದು ಸುಲಭ. ಮಳಿಗೆಯ ಬಾಡಿಗೆಯನ್ನು ಹಿಡಿದ ಮೇಲೆ ಮಳಿಗೆಯ ಬೆಲೆಗೆ ಬಡ್ಡಿಯನ್ನೂ ಹಿಡಿದರೆ ಒಂದೇ ಖರ್ಚನ್ನು ಎರಡು ಸಲ ಬರೆದಂತಾಗುತ್ತದೆ. ಹಾಗೆಯೇ, ಬಿಟ್ಟುಕೊಟ್ಟ ಆದಾಯ ನಿಜವಾಗಿ ಸಿಗುವಂಥದ್ದಾಗಿರಬೇಕು. ಅರವತ್ತು ದಾಟಿದ ಮೇಲೆ ಯಾರೂ ಕೆಲಸಕ್ಕೆ ಕರೆಯದಿದ್ದರೆ 18 ಸಾವಿರದ ಜಾಗದಲ್ಲಿ ಸೊನ್ನೆಯನ್ನೇ ಬರೆಯಬೇಕಾದೀತು, ಆಗ ಅದೇ ಅಂಗಡಿ ಒಳ್ಳೆಯ ಲಾಭದಲ್ಲಿರುತ್ತದೆ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ತೆರಿಗೆಯ ಭಾಗವನ್ನು ಒಂದೇ ಮಾತಿನಲ್ಲಿ ಮುಗಿಸುತ್ತೇನೆ: ಒಬ್ಬರೇ ಮಾಲೀಕರಾಗಿರುವ ಅಂಗಡಿಯಲ್ಲಿ ತಮಗೆ ತಾವೇ ಸಂಬಳ ಬರೆದುಕೊಂಡರೆ ಆದಾಯ ತೆರಿಗೆ ಇಲಾಖೆ ಅದನ್ನು ಖರ್ಚೆಂದು ಒಪ್ಪುವುದಿಲ್ಲ, ಆದ್ದರಿಂದ ಈ ಲೆಕ್ಕ ಲೆಕ್ಕಪರಿಶೋಧಕರಿಗಲ್ಲ, ನಿಮಗೆ.

ಇದು ಉಪಯೋಗಕ್ಕೆ ಬರುವುದು ಯಾವಾಗ? ನಾಳೆ ಮೊಬೈಲ್ ಅಂಗಡಿಯವರೊಬ್ಬರು ಆ ಮಳಿಗೆಗೆ 25 ಸಾವಿರ ಬಾಡಿಗೆ ಕೊಡಲು ಬಂದರೆನ್ನಿ. ಪುಸ್ತಕದಲ್ಲಿ ಒಂದಂಕಿಯೂ ಬದಲಾಗುವುದಿಲ್ಲ, ಆದರೂ ಬರೆಯದ ಖರ್ಚು 10 ಸಾವಿರ ಏರಿ, 1,500ರ ಲಾಭ 8,500ರ ನಷ್ಟವಾಗುತ್ತದೆ. ಅಷ್ಟಕ್ಕೇ ಅಂಗಡಿ ಮುಚ್ಚಬೇಕೆಂದಿಲ್ಲ. ಮಳಿಗೆಯನ್ನು ಅವರಿಗೆ ಕೊಟ್ಟು, ಅಡ್ಡರಸ್ತೆಯಲ್ಲಿ 10 ಸಾವಿರ ಬಾಡಿಗೆಗೆ ಕುಳಿತರೆ 15 ಸಾವಿರ ಕೈಗೆ ಬರುತ್ತದೆ. ಮನೆಗೆ ಒಯ್ದ ಸರಕನ್ನು ಬಿಟ್ಟು ನೋಡಿದರೆ ಇವರಿಗೆ ನೂರು ರೂಪಾಯಿ ವ್ಯಾಪಾರದಲ್ಲಿ ಸುಮಾರು 12 ರೂಪಾಯಿ 80 ಪೈಸೆ ಗಿಟ್ಟುತ್ತದೆ; ಹಾಗಾಗಿ ಜಾಗ ಬದಲಾದ ಮೇಲೆ ತಿಂಗಳ ವ್ಯಾಪಾರ 1 ಲಕ್ಷ 17 ಸಾವಿರಕ್ಕಿಂತ ಹೆಚ್ಚು ಕುಸಿದರೆ ಮಾತ್ರ ಈ 15 ಸಾವಿರ ಕರಗಿಹೋಗುತ್ತದೆ. ಹಳೆಯ ಗಿರಾಕಿಗಳಲ್ಲಿ ಎಷ್ಟು ಜನ ಅಡ್ಡರಸ್ತೆಯವರೆಗೆ ನಡೆದು ಬಂದಾರು ಎಂಬುದನ್ನು ಅಂದಾಜು ಮಾಡಬೇಕಾದವರು ಉದ್ರಿ ಪುಸ್ತಕ ಕೈಯಲ್ಲಿರುವ ನೀವೇ.