ಕಲ್ಲಿನ ನೆಲವೂ ನಡುಗುತ್ತೆ: ಆ ನಾಲ್ಕು ಸೆಕೆಂಡಲ್ಲಿ ಮನೆಯೊಳಗೆ ಏನು ಮಾಡಬೇಕು?

[ದೃಶ್ಯ: ಚಿತ್ರದುರ್ಗದ ಕೋಟೆ ಬೆಟ್ಟ, ಒಂದರ ಮೇಲೊಂದು ಕೂತ ಗುಂಡುಬಂಡೆಗಳು]

ನಮಸ್ಕಾರ. ಈ ಬಂಡೆಗಳನ್ನ ನೋಡಿದವರೆಲ್ಲ ಒಂದು ಮಾತು ಹೇಳ್ತಾರೆ: "ನಮ್ಮದು ಗಟ್ಟಿ ಕಲ್ಲಿನ ಸೀಮೆ, ಇಲ್ಲೆಲ್ಲಿ ಭೂಕಂಪ?" ಮಾತಲ್ಲಿ ಅರ್ಧ ನಿಜ ಇದೆ. ನಮ್ಮ ಕಾಲ ಕೆಳಗಿನ ಕಲ್ಲಿಗೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಭೂಕಂಪ ನಕ್ಷೆಯಲ್ಲೂ ಚಿತ್ರದುರ್ಗ, ದಾವಣಗೆರೆ ಎರಡೂ ಕಡಿಮೆ ಅಪಾಯದ ಎರಡನೇ ವಲಯದಲ್ಲೇ ಇವೆ. ಆದ್ರೆ 1993ರಲ್ಲಿ ಮಹಾರಾಷ್ಟ್ರದ ಕಿಲ್ಲಾರಿ ಇದ್ದದ್ದು ಇದಕ್ಕಿಂತಲೂ ಸುರಕ್ಷಿತ ಅಂದ್ಕೊಂಡಿದ್ದ ವಲಯದಲ್ಲಿ. ಆಗಿನ ನಕ್ಷೆಯ ಒಂದನೇ ವಲಯ ಅದು. ಸೆಪ್ಟೆಂಬರ್ 30ರ ಬೆಳಗಿನ ಜಾವ, 4 ಗಂಟೆಗೆ ಕೆಲವೇ ನಿಮಿಷ ಇರುವಾಗ, 6.2ರ ಆಸುಪಾಸಿನ ಕಂಪನ ಸುಮಾರು 10 ಸಾವಿರ ಜನರ ಪ್ರಾಣ ತೆಗೀತು. ಆಮೇಲೆ ನಕ್ಷೆಯನ್ನೇ ತಿದ್ದಿದ್ರು.

ಗಟ್ಟಿ ಕಲ್ಲು ಯಾಕೆ ನಡುಗುತ್ತೆ?

[ದೃಶ್ಯ: ಹಳೆ ಮನೆಯ ಮರದ ಬಾಗಿಲು. ನಿರೂಪಕ ಎಳೆಯುತ್ತಾನೆ, ಬರೋದಿಲ್ಲ]

ಮಳೆಗಾಲದಲ್ಲಿ ಉಬ್ಬಿದ ಬಾಗಿಲು ಗೊತ್ತಲ್ಲ? ಎಳೀತೀರಿ, ಬರಲ್ಲ. ಇನ್ನೂ ಜೋರಾಗಿ ಎಳೀತೀರಿ, ಆಗಲೂ ಬರಲ್ಲ. ನಿಮ್ಮ ಬಲವೆಲ್ಲ ಬಾಗಿಲಲ್ಲೇ ಬಿಗಿಯಾಗಿ ಕೂತಿರುತ್ತೆ. ಕೊನೆಗೊಮ್ಮೆ ದಡಕ್ಕನೆ ಬಿಟ್ಕೊಳ್ಳುತ್ತೆ, ಚೌಕಟ್ಟಿನ ಜೊತೆ ಗೋಡೆಯೂ ಅದುರುತ್ತೆ. ಭೂಕಂಪ ಅಂದ್ರೆ ಇಷ್ಟೇ.

ಇಲ್ಲಿ ಎಳೆಯೋರು ಯಾರು? ಭಾರತವನ್ನು ಹೊತ್ತ ಭೂಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್‌ನಂತೆ ಈಶಾನ್ಯಕ್ಕೆ ಜರುಗ್ತಾ ಇದೆ. ಹೆಚ್ಚುಕಡಿಮೆ ನಮ್ಮ ಉಗುರು ಬೆಳೆಯೋ ವೇಗ. ಮುಂದೆ ಹಿಮಾಲಯದಲ್ಲಿ ಅದಕ್ಕೆ ಅಡ್ಡ ಸಿಗುತ್ತೆ. ಗಾಡಿಯ ಮೂತಿ ಗೋಡೆಗೆ ತಗುಲಿದ್ರೆ ಹಿಂದಿನ ಸೀಟಲ್ಲಿರೋರಿಗೂ ಒತ್ತಡ ತಟ್ಟುತ್ತಲ್ಲ, ಹಾಗೆ ಆ ಒತ್ತಡ ದಕ್ಷಿಣದ ನಮ್ಮ ಕಲ್ಲಿನವರೆಗೂ ಬರುತ್ತೆ. ಗಟ್ಟಿ ಕಲ್ಲು ಒತ್ತಡವನ್ನ ತಡ್ಕೊಂಡು ಕೂಡಿಡುತ್ತೆ. ಎಲ್ಲಿ ಹಳೆಯ ಬಿರುಕಿದೆಯೋ, ಅಲ್ಲಿ ಒಂದು ದಿನ ಎರಡು ಪಕ್ಕದ ಕಲ್ಲು ಜಾರಿ, ಕೂಡಿಟ್ಟದ್ದೆಲ್ಲ ಅಲೆಯಾಗಿ ಹೊರಡುತ್ತೆ. ಇಂಥ ಹಳೆಯ ಗಾಯ ನಮ್ಮಲ್ಲೂ ಇದೆ. ಚಿತ್ರದುರ್ಗದ ಹೆಸರಿನದೇ ಒಂದು ಶಿಯರ್ ವಲಯ, ಅಂದ್ರೆ ಹಿಂದೆ ಯಾವಾಗಲೋ ಕಲ್ಲುಗಳು ಒಂದನ್ನೊಂದು ಉಜ್ಜಿ ಜಾರಿದ ಪಟ್ಟಿ, ಉತ್ತರ-ದಕ್ಷಿಣವಾಗಿ ನೂರಾರು ಕಿಲೋಮೀಟರ್ ಹಾದುಹೋಗುತ್ತೆ. ಅದು ನಾಳೆ ಜಾರುತ್ತೆ ಅಂತ ನಾನು ಹೇಳ್ತಿಲ್ಲ. ದಿನಾಂಕ ಹೇಳೋ ವಿದ್ಯೆ ಯಾರ ಹತ್ರಾನೂ ಇಲ್ಲ, ವಾಟ್ಸಾಪ್‌ನಲ್ಲಿ ಹೇಳ್ತಾರೆ ಅಷ್ಟೇ.

(ಹಾಗೇ ಇನ್ನೊಂದು: ಕೋಟೆಯ ಈ ಬಂಡೆಗಳನ್ನ ಒಡೆದಿದ್ದು ಭೂಕಂಪ ಅಲ್ಲ. ಸೀಳುಗಳಲ್ಲಿ ನೀರಿಳಿದು, ಬಿಸಿಲು ಬಿದ್ದು, ಮೂಲೆಗಳು ಸವೆದು ಹೀಗೆ ಗುಂಡಗಾಗಿದ್ದು.)

[ದೃಶ್ಯ: ದಾವಣಗೆರೆಯ ಅಪಾರ್ಟ್‌ಮೆಂಟ್, ಮೂರನೇ ಮಹಡಿಯ ಅಡುಗೆಮನೆ. ಮೂಲೆಯಲ್ಲಿ ಸ್ಟಾಪ್‌ವಾಚ್]

ಈಗ ಒಂದು ಲೆಕ್ಕ ಹಾಕೋಣ. ಕಂಪನ ಹುಟ್ಟಿದ ಜಾಗ ನಿಮ್ಮ ಮನೆಯಿಂದ 35 ಕಿಲೋಮೀಟರ್ ದೂರ ಅಂತಿಟ್ಕೊಳ್ಳಿ. ಅಲ್ಲಿಂದ ಎರಡು ಬಗೆಯ ಅಲೆ ಒಟ್ಟಿಗೆ ಹೊರಡುತ್ತವೆ. ಪಿ ಅಲೆ ಗಟ್ಟಿ ಕಲ್ಲಲ್ಲಿ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಓಡುತ್ತೆ, 6 ಸೆಕೆಂಡಲ್ಲಿ ನಿಮ್ಮನೆ ಮುಟ್ಟುತ್ತೆ. ಎಸ್ ಅಲೆಯ ವೇಗ ಮೂರೂವರೆ ಕಿಲೋಮೀಟರ್, ಅದು ಬರೋದು ಹತ್ತನೇ ಸೆಕೆಂಡಿಗೆ. ಮೊದಲು ಬರೋ ಪಿ ಅಲೆಗೆ ಕಿಟಕಿ ಗಾಜು ಝಲ್ಲೆನ್ನಬಹುದು, ಲಾರಿ ಹೋದಂಗೆ ಗುಡುಗುಡು ಸದ್ದು ಬರಬಹುದು. ಮನೆಯನ್ನ ಅಡ್ಡಡ್ಡ ಹಿಡಿದು ಅಲ್ಲಾಡಿಸೋದು ಹಿಂದೆ ಬರೋ ಎಸ್ ಅಲೆ.

ನಡುವೆ ಸಿಗೋದು ನಾಲ್ಕು ಸೆಕೆಂಡು. ಮೂರನೇ ಮಹಡಿಯಿಂದ ಚಪ್ಪಲಿ ಹುಡುಕಿ, ಚಿಲಕ ತೆಗೆದು, ಮೆಟ್ಟಿಲಿಳಿಯೋಕೆ ಇದು ಸಾಲದು. ಜೋರು ಅಲುಗಾಟ ಶುರುವಾದಾಗ ಸರಿಯಾಗಿ ಮೆಟ್ಟಿಲ ಮೇಲೇ ಇರ್ತೀರಿ. ಇನ್ನೂ ಹತ್ತಿರದ ಕಂಪನವಾದ್ರೆ ನಾಲ್ಕು ಸೆಕೆಂಡೂ ಸಿಗಲ್ಲ. ಆದ್ರೆ ಎರಡು ಹೆಜ್ಜೆ ದೂರದ ಊಟದ ಟೇಬಲ್ ಕೆಳಗೆ ತೂರೋಕೆ ಸಮಯ ಸಾಕು.

[ದೃಶ್ಯ: ನಿರೂಪಕ ಮಾಡಿ ತೋರಿಸುತ್ತಾನೆ]

ಅಲ್ಲೇ ಮಂಡಿಯೂರಿ ಕೂರಿ. ನಿಂತಿದ್ರೆ ನೆಲ ನಿಮ್ಮನ್ನ ಬೀಳಿಸುತ್ತೆ. ತಲೆ, ಕುತ್ತಿಗೆಯನ್ನ ಒಂದು ಕೈಯಿಂದ ಮುಚ್ಕೊಂಡು ಟೇಬಲ್ ಕೆಳಗೆ ಸೇರ್ಕೊಳ್ಳಿ. ಇನ್ನೊಂದು ಕೈಯಲ್ಲಿ ಅದರ ಕಾಲು ಹಿಡೀರಿ. ಇದನ್ನ ಜನ ಮರೀತಾರೆ. ಟೇಬಲ್ ನಿಂತಲ್ಲೇ ನಿಲ್ಲಲ್ಲ, ಜಾರುತ್ತೆ. ಅದು ಹೋದ ಕಡೆ ನೀವೂ ಹೋಗ್ಬೇಕು. ಟೇಬಲ್ ಇಲ್ವಾ? ಕಿಟಕಿ, ಬೀರು, ಟಿವಿಯಿಂದ ದೂರ, ಒಳಗಿನ ಗೋಡೆಯ ಪಕ್ಕ ಮುದುಡಿ ಎರಡೂ ಕೈಯಿಂದ ತಲೆ ಮುಚ್ಕೊಳ್ಳಿ. ಮಂಡಿನೋವಿನ ಅಜ್ಜಿಯನ್ನ ನೆಲಕ್ಕೆ ಕೂರಿಸೋಕೆ ಹೋಗ್ಬೇಡಿ. ಕುರ್ಚಿಯಲ್ಲೇ ಮುಂದಕ್ಕೆ ಬಾಗಿ ತಲೆ ಮುಚ್ಕೊಳ್ಳಲಿ. ಹಾಸಿಗೆಯಲ್ಲಿದ್ದೋರು ಅಲ್ಲೇ ಬೋರಲು ಮಲಗಿ ದಿಂಬು ತಲೆ ಮೇಲೆ ಎಳ್ಕೊಳ್ಳಿ. ಕತ್ತಲಲ್ಲಿ ಎದ್ದು ಓಡಿದೋರ ಕಾಲಿಗೆ ಮೊದಲು ಸಿಗೋದು ಒಡೆದ ಗಾಜು.

ಅಡುಗೆಮನೆಯಲ್ಲಿದ್ರೆ? ಒಲೆ ಕೈಗೆಟುಕಿದ್ರೆ ಆರಿಸಿ, ಇಲ್ಲದಿದ್ರೆ ಬಿಟ್ಟು ಸರೀರಿ. ಕುದಿಯೋ ಎಣ್ಣೆ ಒಂದು ಕಡೆ, ತಲೆ ಮೇಲೆ ಡಬ್ಬಿಗಳನ್ನ ಹೊತ್ತ ಕಡಪ ಕಲ್ಲಿನ ಶೆಲ್ಫ್ ಇನ್ನೊಂದು ಕಡೆ. ಮನೆಯಲ್ಲಿ ನನಗೆ ಅತಿ ಭಯ ಹುಟ್ಟಿಸೋದು ಈ ಕಡಪ ಕಲ್ಲೇ. ಬಾಗಿಲ ಚೌಕಟ್ಟಲ್ಲಿ ನಿಲ್ಲಿ ಅಂತ ಹಿರಿಯರು ಹೇಳಿರಬಹುದು. ಇವತ್ತಿನ ಮನೆಗಳಲ್ಲಿ ಚೌಕಟ್ಟಿಗೆ ಅಂಥ ವಿಶೇಷ ಬಲವೇನಿಲ್ಲ, ಬಾಗಿಲು ಬಡಿದು ಬೆರಳು ಜಜ್ಜಬಹುದು.

[ದೃಶ್ಯ: ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿ, ಮಾಳಿಗೆ ಮನೆ]

ಇಲ್ಲಿವರೆಗೆ ಹೇಳಿದ್ದು ಪಿಲ್ಲರ್, ಬೀಮ್ ಇರೋ ಆರ್‌ಸಿಸಿ ಮನೆಗೆ. ಮಾಳಿಗೆ ಮನೆಯ ಕಥೆ ಬೇರೆ. ಕಿಲ್ಲಾರಿಯಲ್ಲಿ ಜನರನ್ನ ಕೊಂದಿದ್ದು ಮಣ್ಣಲ್ಲಿ ಕಟ್ಟಿದ ಕಾಡುಗಲ್ಲಿನ ದಪ್ಪ ಗೋಡೆ, ಅದರ ಜೊತೆಗೆ ಮಣ್ಣಿನ ಭಾರದ ಸೂರು. ಗೋಡೆ ದಪ್ಪ ಇದ್ರೂ ಒಳಮೈ, ಹೊರಮೈ ಎರಡನ್ನೂ ಹಿಡಿಯೋ ಅಡ್ಡಗಲ್ಲು ಇರಲಿಲ್ಲ. ಅಲ್ಲಾಡಿದಾಗ ಗೋಡೆ ಎರಡು ಪದರವಾಗಿ ಸೀಳಿ ಕುಸೀತು. ನಮ್ಮ ಮಾಳಿಗೆಗೂ ಸೋರದಿರಲಿ ಅಂತ ಆಗಾಗ ಹೊಸ ಮಣ್ಣು ಹಾಕ್ತೀವಲ್ಲ? ಒಂದು ಅಡಿ ದಪ್ಪ ಆದ್ರೆ ಹತ್ತಕ್ಕೆ ಹನ್ನೆರಡು ಅಡಿಯ ಕೋಣೆಯ ಮೇಲೆ ಸುಮಾರು 5 ಟನ್. ಯಾವ ಟೇಬಲ್ಲೂ ಅದನ್ನ ತಡೆಯಲ್ಲ.

ಅದಕ್ಕೇ ಇಂಥ ಮನೆಯಲ್ಲಿ ನೀವು ಬಾಗಿಲ ಪಕ್ಕದಲ್ಲೇ ಇದ್ದು, ಎದುರಿಗೇ ಬಯಲಿದ್ರೆ ಮೊದಲ ಅದುರಿಗೇ ಹೊರಗೆ ಹೋಗೋದು ಸರಿ. ಓಣಿ ಇಕ್ಕಟ್ಟಾಗಿದ್ರೆ ಎದುರು ಮನೆಯ ಗೋಡೆ ನಿಮ್ಮ ಮೇಲೇ ಬೀಳುತ್ತೆ. ಒಳಕೋಣೆಯಲ್ಲಿ ಸಿಕ್ಕಿಬಿದ್ರೆ ಗಟ್ಟಿಮುಟ್ಟಾದ ಮಂಚದ ಕೆಳಗೆ ಸೇರ್ಕೊಂಡು ತಲೆ ಮುಚ್ಕೊಳ್ಳೋದಷ್ಟೇ ಉಳಿಯೋ ದಾರಿ. ಅಂಥ ಮನೆಯವರು ಮಾಡಬೇಕಾದ ನಿಜವಾದ ಕೆಲಸ ಇವತ್ತಿನದು: ಮುಂದಿನ ಸಲ ಮಾಳಿಗೆಗೆ ಹೊಸ ಮಣ್ಣು ಹಾಕೋ ಮುಂಚೆ ಹಳೇದನ್ನ ಕೆರೆದು ಇಳಿಸೋದು.

[ದೃಶ್ಯ: ಮತ್ತೆ ಅಪಾರ್ಟ್‌ಮೆಂಟ್. ತೂಗಾಡುತ್ತಿದ್ದ ಬಲ್ಬ್ ನಿಧಾನವಾಗಿ ನಿಲ್ಲುತ್ತದೆ]

ಅಲುಗಾಟ ನಿಂತ ಕೂಡಲೇ ಟೇಬಲ್ ಬಿಟ್ಟು ಜಿಗೀಬೇಡಿ. ಮೇಲಿಂದ ಬೀಳೋದೆಲ್ಲ ಬಿದ್ದು ಮುಗೀಲಿ. ಚಪ್ಪಲಿ ಹಾಕ್ಕೊಳ್ಳಿ, ಸಿಲಿಂಡರ್‌ನ ರೆಗ್ಯುಲೇಟರ್ ಆಫ್ ಮಾಡಿ. ಗ್ಯಾಸ್ ವಾಸನೆ ಬಂದ್ರೆ ಲೈಟ್ ಸ್ವಿಚ್ ಮುಟ್ಟಬೇಡಿ. ಲಿಫ್ಟ್ ಬೇಡ, ಮೆಟ್ಟಿಲಲ್ಲೇ ಇಳೀರಿ. ಇಳಿದ ಮೇಲೆ ಬಿಲ್ಡಿಂಗ್ ನೆರಳಲ್ಲಿ ನಿಂತು ವಿಡಿಯೋ ಮಾಡಬೇಡಿ. ದೊಡ್ಡ ಕಂಪನದ ಹಿಂದೆ ಸಣ್ಣವು ಬರ್ತಾವೆ, ಮೊದಲೇ ಸಡಿಲಾದ ಪ್ಯಾರಾಪೆಟ್ ಬೀಳೋದು ಆಗಲೇ.